ಹಬ್ಬಕ್ಕೆ ನೆಂಟರ ಮನೆಯಲ್ಲಿ ಉಳಿದಾಗ ನಿದ್ದೆ ಕೆಡದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ನಾಲ್ಕು ರಾತ್ರಿ ನೆಂಟರ ಮನೆಯಲ್ಲಿ ಕಳೆಯಬೇಕಾದವರಿಗಾಗಿ ಈ ಪುಟ. ಮನೆ ತುಂಬ ಜನ, ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ, ಮೈಗೆ ಒಗ್ಗದ ಹೊಸ ಹಾಸಿಗೆ, ಮಲಗುವ ಹೊತ್ತು ನಮ್ಮ ಕೈಯಲ್ಲಿಲ್ಲ. ಇಂಥ ಕಡೆ ಎಲ್ಲವನ್ನೂ ಸರಿಪಡಿಸಲು ಹೊರಟರೆ ಯಾವುದೂ ಆಗುವುದಿಲ್ಲ. ಏಳುವ ಹೊತ್ತನ್ನು ಬಿಡದೆ ಹಿಡಿದುಕೊಂಡು, ಹಾಸಿಗೆಯನ್ನು ಮನೆಯ ಹಾಸಿಗೆಗೆ ಆದಷ್ಟು ಹತ್ತಿರ ತಂದುಕೊಂಡರೆ ಉಳಿದದ್ದು ಬಹುಪಾಲು ತಾನಾಗಿಯೇ ಹಾದಿಗೆ ಬರುತ್ತದೆ.

ಮೊದಲ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ನಿದ್ದೆ ಹತ್ತುವುದಿಲ್ಲ. ಯಾಕೆ?

ಹೊಸ ಜಾಗದಲ್ಲಿ ಮಿದುಳು ಪೂರ್ತಿ ಮೈಮರೆಯುವುದಿಲ್ಲ. ನಿದ್ದೆಯ ಪ್ರಯೋಗಾಲಯಗಳಲ್ಲಿ ಇದು 1960ರ ದಶಕದಿಂದಲೇ ಗೊತ್ತಿರುವ ಸಂಗತಿ. ಅದಕ್ಕೇ ಅಲ್ಲಿ ಮೊದಲ ರಾತ್ರಿಯ ಅಳತೆಯನ್ನು ಹಲವು ಬಾರಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಇನ್ನಷ್ಟು ಹತ್ತಿರದಿಂದ ನೋಡಿದರು. ಹೊಸ ಜಾಗದ ಮೊದಲ ರಾತ್ರಿ ಗಾಢ ನಿದ್ದೆಯ ಹೊತ್ತಿನಲ್ಲೂ ಮಿದುಳಿನ ಎಡ ಅರ್ಧದ ಒಂದು ಜಾಲ ಬಲಗಡೆಯದಕ್ಕಿಂತ ಹಗುರವಾಗಿ ಮಲಗಿತ್ತು, ಅಪರಿಚಿತ ಸದ್ದಿಗೆ ಬೇಗ ಎಚ್ಚೆತ್ತುಕೊಳ್ಳುತ್ತಿತ್ತು. ಸುಮಾರು ಒಂದು ವಾರದ ನಂತರ ಅದೇ ಜಾಗದಲ್ಲಿ ಮಲಗಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ಮೊದಲ ರಾತ್ರಿ ನಿದ್ದೆ ಹತ್ತಲು ಮಾಮೂಲಿಗಿಂತ ಅರ್ಧ ಗಂಟೆ ಹೆಚ್ಚು ಹಿಡಿದರೆ, ನಡುವೆ ಎರಡು ಮೂರು ಸಲ ಎಚ್ಚರವಾದರೆ, ಅದು ಕಾಯಿಲೆಯಲ್ಲ. ಹೆಚ್ಚಿನವರಿಗೆ ಎರಡನೆಯ ರಾತ್ರಿಗೇ ಇದು ಗಣನೀಯವಾಗಿ ಇಳಿಯುತ್ತದೆ. ಮೊದಲ ರಾತ್ರಿ ಕಳೆದುಹೋದ ನಿದ್ದೆಯಿಂದ ಆಗುವ ಹಾನಿ ಸಣ್ಣದು. ಅದನ್ನು ಮರುದಿನವೇ ತುಂಬಿಕೊಳ್ಳಲು ಹೋಗಿ ಮಾಡುವ ಹಾನಿ ದೊಡ್ಡದು.

ಹಾಗಾದರೆ ಮರುದಿನ ತಡವಾಗಿ ಏಳಬಾರದೆ?

ಒಂದು ಗಂಟೆಗಿಂತ ಹೆಚ್ಚು ತಡ ಬೇಡ. ನಿದ್ದೆಯನ್ನು ಎರಡು ಸಂಗತಿಗಳು ನಡೆಸುತ್ತವೆ. ಒಂದು, ಎದ್ದ ಗಳಿಗೆಯಿಂದ ಗಂಟೆ ಗಂಟೆಗೂ ಮೈಯಲ್ಲಿ ಕೂಡುತ್ತಾ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಮುಖ್ಯವಾಗಿ ಬೆಳಗಿನ ಬೆಳಕನ್ನು ನೋಡಿ ಹೊಂದಿಕೊಳ್ಳುವ ದೇಹದ ಗಡಿಯಾರ. ಒಂಬತ್ತಕ್ಕೆ ಎದ್ದರೆ ಎರಡೂ ಹಿಂದೆ ಬೀಳುತ್ತವೆ. ರಾತ್ರಿ ಹತ್ತೂವರೆಗೆ ಬೇಕಿದ್ದಷ್ಟು ಒತ್ತಡ ಕೂಡಿರುವುದಿಲ್ಲ, ಗಡಿಯಾರಕ್ಕೆ ಇನ್ನೂ ಸಂಜೆ. ಮತ್ತೆ ಒಂದೂವರೆಯವರೆಗೆ ಹೊರಳಾಟ.

ಒಂದು ಉದಾಹರಣೆ ನೋಡೋಣ. ಮನೆಯಲ್ಲಿ ರಾತ್ರಿ 10:30ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುವವರು ನಾಲ್ಕು ರಾತ್ರಿಗೆ ಬಂದಿದ್ದಾರೆ ಎಂದುಕೊಳ್ಳಿ. ಮೊದಲ ರಾತ್ರಿ ಮಾತುಕತೆ ಮುಗಿದು ಮಲಗಿದ್ದು 11:30ಕ್ಕೆ, ನಿದ್ದೆ ಹತ್ತಿದ್ದು 12:20ಕ್ಕೆ, ನಡುವೆ ಎಚ್ಚರವಿದ್ದದ್ದು ಒಟ್ಟು ಇಪ್ಪತ್ತು ನಿಮಿಷ. 6:30ಕ್ಕೆ ಎದ್ದರೆ ಸಿಕ್ಕಿದ ನಿದ್ದೆ 5 ಗಂಟೆ 50 ನಿಮಿಷ, ಮಾಮೂಲಿಗಿಂತ ಹೆಚ್ಚೂಕಡಿಮೆ ಒಂದೂವರೆ ಗಂಟೆ ಕಡಿಮೆ. ಎದ್ದ ಒಂದು ಗಂಟೆಯೊಳಗೆ ಅವರು ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ಓಡಾಡುತ್ತಾರೆ. ಮಧ್ಯಾಹ್ನ 1:30ಕ್ಕೆ ಅಲಾರಂ ಇಟ್ಟು ಇಪ್ಪತ್ತು ನಿಮಿಷ ಕಣ್ಣು ಮುಚ್ಚುತ್ತಾರೆ. ಎರಡನೆಯ ರಾತ್ರಿ 11ರ ಹೊತ್ತಿಗೆ ರೆಪ್ಪೆ ತಾನಾಗಿಯೇ ಭಾರವಾಗುತ್ತದೆ, ಏಕೆಂದರೆ ಹಿಂದಿನ ರಾತ್ರಿಯ ಬಾಕಿ ಒತ್ತಡವಾಗಿ ಉಳಿದಿದೆ. ಮೂರನೆಯ ದಿನ ಹಬ್ಬ, ಮಲಗುವಾಗ 1 ಗಂಟೆ. ಆದರೂ ಏಳುವುದು 7ಕ್ಕೆ, ಅದಕ್ಕಿಂತ ತಡವಿಲ್ಲ. ನಾಲ್ಕನೆಯ ರಾತ್ರಿ 10:30ಕ್ಕೇ ನಿದ್ದೆ ಬರುತ್ತದೆ, ಮನೆಗೆ ಹಿಂತಿರುಗುವಾಗ ಗಡಿಯಾರ ಅಷ್ಟೇನೂ ಅಲುಗಿಲ್ಲ.

ಅದೇ ವ್ಯಕ್ತಿ ಮೊದಲ ಬೆಳಿಗ್ಗೆ 9ಕ್ಕೆ ಎದ್ದು, ಸಂಜೆ 4ರಿಂದ 6ರವರೆಗೆ ಮಲಗಿದ್ದರೆ ಎರಡನೆಯ ರಾತ್ರಿ 2 ಗಂಟೆ ದಾಟುತ್ತಿತ್ತು. ಆಗ ತಪ್ಪು ಹೊಸ ಹಾಸಿಗೆಯ ಮೇಲೆ ಹೋಗುತ್ತದೆ. ನಿಜವಾದ ಕಾರಣ ಸಂಜೆಯ ನಿದ್ದೆ.

ಮಧ್ಯಾಹ್ನ ಎಷ್ಟು ಹೊತ್ತು ಮಲಗಬಹುದು?

ಮೂರು ಗಂಟೆಯೊಳಗೆ ಮುಗಿಯುವಂತೆ 15–20 ನಿಮಿಷ. ನಲವತ್ತು ನಿಮಿಷದ ಆಸುಪಾಸಿನಲ್ಲಿ ಎದ್ದರೆ ಗಾಢ ನಿದ್ದೆಯ ನಡುವಿನಿಂದ ಎದ್ದಂತಾಗಿ ತಲೆ ಭಾರವಾಗುತ್ತದೆ. ಹಿಂದಿನ ರಾತ್ರಿ ನಾಲ್ಕೇ ಗಂಟೆ ನಿದ್ದೆ ಸಿಕ್ಕಿದ್ದರೆ ಮಾತ್ರ ಒಂದೂವರೆ ಗಂಟೆಯ ಒಂದು ಪೂರ್ತಿ ಸುತ್ತು ಮಲಗಿ, ಅದೂ ಊಟವಾದ ಮೇಲೆ ಬೇಗನೆ.

ಹೊಸ ಹಾಸಿಗೆ ತೀರಾ ಗಟ್ಟಿ ಅಥವಾ ತೀರಾ ಮೆತ್ತಗೆ. ಬೇರೆಯವರ ಮನೆಯಲ್ಲಿ ಏನು ಮಾಡಬಹುದು?

ಮೊದಲು ತೊಂದರೆ ಯಾವುದೆಂದು ಗುರುತಿಸಿ. ಮಗ್ಗುಲಾಗಿ ಮಲಗಿದಾಗ ಭುಜ ಮತ್ತು ಸೊಂಟದ ಮೂಳೆ ಒತ್ತುತ್ತಿದ್ದರೆ, ತೋಳು ಜೋಮು ಹಿಡಿಯುತ್ತಿದ್ದರೆ, ಹತ್ತು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕೆನಿಸಿದರೆ ಹಾಸಿಗೆ ಗಟ್ಟಿ. ಮಲಗುವಾಗ ಹಿತವೆನಿಸಿ, ಬೆಳಿಗ್ಗೆ ಏಳುವಾಗ ಕೆಳಬೆನ್ನು ಹಿಡಿದುಕೊಂಡಿದ್ದರೆ ಹಾಸಿಗೆ ಮೆತ್ತಗಿದೆ, ಸೊಂಟ ಕುಳಿಯೊಳಗೆ ಇಳಿಯುತ್ತಿದೆ.

ಗಟ್ಟಿ ಹಾಸಿಗೆಗೆ ಪರಿಹಾರ ಸುಲಭ. ಒಂದು ದಪ್ಪ ಕಂಬಳಿಯನ್ನು ಮೂರು ನಾಲ್ಕು ಸೆಂಟಿಮೀಟರ್ ದಪ್ಪವಾಗುವಂತೆ ಮಡಿಸಿ, ಭುಜದಿಂದ ತೊಡೆಯವರೆಗೆ ಬರುವ ಹಾಗೆ ಹಾಸಿ, ಮೇಲೆ ಚಾದರ ಹೊದಿಸಿ ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ. ಅಂಚು ಸಿಕ್ಕಿಸದಿದ್ದರೆ ಮಧ್ಯರಾತ್ರಿ ಕಂಬಳಿ ಮುದ್ದೆಯಾಗಿ ಬೆನ್ನ ಕೆಳಗೆ ಬರುತ್ತದೆ. ಮೆತ್ತಗಿನ ಹಾಸಿಗೆ ಸ್ವಲ್ಪ ಕಷ್ಟ. ಕುಳಿ ಬಿದ್ದಿರುವುದು ಮಂಚದ ಹಲಗೆ ಬಾಗಿದ್ದರಿಂದಾದರೆ ಹಾಸಿಗೆಯನ್ನು ನೆಲಕ್ಕೆ ಇಳಿಸಿದರೆ ಸಾಕು. ಹಾಸಿಗೆಯೇ ಮೆತ್ತಗಿದ್ದರೆ ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ ಒಂದು ದಿಂಬು, ಅಂಗಾತ ಮಲಗುವವರು ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಳ್ಳಬೇಕು. ಇದರಿಂದ ಕೆಳಬೆನ್ನಿನ ಎಳೆತ ಕಡಿಮೆಯಾಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಹಾಸಿಗೆಗಿಂತ ದಿಂಬು ಹೆಚ್ಚು ಕೆಲಸ ಕೆಡಿಸುತ್ತದೆ, ಆದರೆ ಅದರ ಕಡೆ ಯಾರೂ ನೋಡುವುದಿಲ್ಲ. ಗಟ್ಟಿ ಹಾಸಿಗೆಯಲ್ಲಿ ಭುಜ ಇಳಿಯುವುದಿಲ್ಲ, ಆದ್ದರಿಂದ ಮಗ್ಗುಲಾಗಿ ಮಲಗುವವರಿಗೆ ಮನೆಯದಕ್ಕಿಂತ ಎತ್ತರದ ದಿಂಬು ಬೇಕು. ಮೆತ್ತಗಿನದರಲ್ಲಿ ಭುಜ ಇಳಿಯುತ್ತದೆ, ದಿಂಬು ತಗ್ಗಿರಬೇಕು. ಪರೀಕ್ಷೆ ಹೀಗೆ: ಮಗ್ಗುಲಾಗಿ ಮಲಗಿ, ಪಕ್ಕದಲ್ಲಿರುವವರಿಗೆ ಎದುರಿನಿಂದ ಒಂದು ಫೋಟೋ ತೆಗೆಯಲು ಹೇಳಿ. ಮೂಗು, ಗಲ್ಲ, ಎದೆಯ ನಡುಮೂಳೆ ಒಂದೇ ಗೆರೆಯಲ್ಲಿರಬೇಕು. ಮೂಗು ಹಾಸಿಗೆಯ ಕಡೆ ವಾಲಿದ್ದರೆ ಮಡಿಸಿದ ಟವೆಲನ್ನು ದಿಂಬಿನ ಕವರಿನ ಒಳಗೆ ಸೇರಿಸಿ. ಮೂಗು ಮೇಲಕ್ಕೆ ಎದ್ದಿದ್ದರೆ ದಿಂಬು ಎತ್ತರವಾಯಿತು, ಬದಲಿಸಿ. ಬ್ಯಾಗಿನಲ್ಲಿ ಒಂದೇ ವಸ್ತುವಿಗೆ ಜಾಗವಿದ್ದರೆ ನಿಮ್ಮ ದಿಂಬನ್ನೇ ತನ್ನಿ, ಕವರನ್ನು ಒಗೆಯದೆ. ಪರಿಚಿತ ವಾಸನೆಯೂ ಜೊತೆಗೆ ಬಂದಂತಾಗುತ್ತದೆ.

ನಮಗಾಗಿಯೇ ಹೊಸ ಹಾಸಿಗೆ ತರಿಸಿದ್ದಾರೆ. ಅದರ ವಾಸನೆ, ಸೆಕೆ ಎರಡೂ ತಡೆಯಲಾಗುತ್ತಿಲ್ಲ.

ಮೊದಲು ಚಾದರ ಎತ್ತಿ ನೋಡಿ. ಕೊಳೆಯಾಗದಿರಲೆಂದು ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯನ್ನು ಹಾಗೇ ಬಿಟ್ಟಿರುವುದು ಬಹಳ ಸಾಮಾನ್ಯ. ಮಗ್ಗುಲಾದಾಗಲೆಲ್ಲ ಸರಬರ ಸದ್ದು, ಚಾದರ ಜಾರಿ ಮೂಲೆ ಸೇರುವುದು, ಬೆಳಗಿನ ಜಾವ ಬೆನ್ನು ಒದ್ದೆಯಾಗುವುದು, ಇವೆಲ್ಲ ಅದರ ಲಕ್ಷಣ. ಬೆವರು ಕೆಳಗಿಳಿಯಲು ದಾರಿಯೇ ಇರುವುದಿಲ್ಲ. "ಅತ್ತೆ, ಪ್ಲಾಸ್ಟಿಕ್ ತೆಗೆದು ದಪ್ಪ ಚಾದರ ಹಾಕ್ಲಾ? ಬೆವರು ಬರ್ತಿದೆ" ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತೆಗೆಯಲು ಮನಸ್ಸಿಲ್ಲದಿದ್ದರೆ ಅದರ ಮೇಲೆ ಹತ್ತಿಯ ದಪ್ಪ ಹೊದಿಕೆಯೊಂದನ್ನು ಎರಡು ಪದರವಾಗಿ ಹಾಸಿ.

ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಬರುವ ಫೋಮ್ ಹಾಸಿಗೆಯಾದರೆ ಅದು ಪೂರ್ತಿ ಉಬ್ಬಲು ಒಂದರಿಂದ ಮೂರು ದಿನ ಬೇಕು. ಹೊಸ ಫೋಮಿನ ವಾಸನೆಯೂ ಅಷ್ಟರೊಳಗೆ ಬಹುಪಾಲು ಇಳಿಯುತ್ತದೆ. ಆದ್ದರಿಂದ ನೆಂಟರು ಬರುವ ಎರಡು ದಿನ ಮೊದಲೇ ಬಿಚ್ಚಿ, ಗಾಳಿಯಾಡುವ ಕಡೆ ನಿಲ್ಲಿಸಲು ಫೋನಿನಲ್ಲೇ ಹೇಳುವುದು ಒಳ್ಳೆಯದು. ಇದಕ್ಕೆ ವಿರುದ್ಧವಾದದ್ದು ಅಟ್ಟದಿಂದ ಇಳಿಸಿದ ಹಳೆಯ ಹಾಸಿಗೆ: ಮಲಗಿದ ಹತ್ತು ನಿಮಿಷದಲ್ಲಿ ಸೀನು, ಮೂಗು ಕಟ್ಟುವುದು. ಅದನ್ನು ಹಗಲಲ್ಲೇ ಮೂರು ನಾಲ್ಕು ಗಂಟೆ ಬಿಸಿಲಿಗೆ ಹಾಕಿ, ಎರಡೂ ಬದಿ ಚೆನ್ನಾಗಿ ಕೊಡವಿ. ಒಳಗೆ ತಂದು ಕೊಡವಿದರೆ ದೂಳು ಕೋಣೆಯಲ್ಲೇ ಉಳಿಯುತ್ತದೆ.

ಗಾಳಿ ತುಂಬಿಸುವ ಹಾಸಿಗೆ ಬೆಳಗಾಗುವಷ್ಟರಲ್ಲಿ ಕುಸಿದಿರುತ್ತದೆ. ತೂತಾಗಿದೆಯೇ?

ಆಗಿರಲೇಬೇಕೆಂದಿಲ್ಲ. ಹೊಸ ಪ್ಲಾಸ್ಟಿಕ್ ಮೊದಲ ಕೆಲವು ಸಲ ಹಿಗ್ಗುತ್ತದೆ, ರಾತ್ರಿ ತಂಪಾದಾಗ ಒಳಗಿನ ಗಾಳಿಯೂ ಕುಗ್ಗುತ್ತದೆ. ಮಧ್ಯಾಹ್ನವೇ ತುಂಬಿಸಿಟ್ಟು, ಮಲಗುವ ಮುನ್ನ ಮತ್ತೊಮ್ಮೆ ಗಾಳಿ ಹಾಕಿ. ಇಂಥ ಹಾಸಿಗೆಯಲ್ಲಿ ಚಳಿ ಕೆಳಗಿನಿಂದ ಬರುತ್ತದೆ, ಆದ್ದರಿಂದ ಮೇಲೆ ಇನ್ನೊಂದು ಹೊದಿಕೆ ಹೊದ್ದುಕೊಳ್ಳುವುದಕ್ಕಿಂತ ಕೆಳಗೆ ಒಂದು ಕಂಬಳಿ ಹಾಸಿಕೊಳ್ಳುವುದು ಮೇಲು.

ಕೋಣೆಯಲ್ಲಿ ಆರು ಜನ. ಯಾವ ಜಾಗ ಹಿಡಿಯಬೇಕು?

ಹಾಸಿಗೆ ಹಾಸುವ ಮೊದಲು ರಾತ್ರಿಯ ಓಡಾಟವನ್ನು ಮನಸ್ಸಿನಲ್ಲಿ ನೋಡಿಕೊಳ್ಳಿ. ಬಚ್ಚಲಿಗೆ ಹೋಗುವ ದಾರಿ ಯಾವುದು, ಅಡುಗೆಮನೆಯ ದೀಪ ಯಾವ ಕಡೆಯಿಂದ ಬೀಳುತ್ತದೆ, ಸ್ವಿಚ್ಚು ಎಲ್ಲಿದೆ. ಬಾಗಿಲಿನಿಂದ ದೂರದ ಗೋಡೆ ಬದಿ ಎಲ್ಲಕ್ಕಿಂತ ನಿರಾಳ. ತಲೆ ಗೋಡೆಯ ಕಡೆಗಿರಲಿ, ಕಾಲು ದಾರಿಯ ಕಡೆಗೆ. ತಡವಾಗಿ ಮಲಗುವವರು, ಬೇಗ ಏಳುವವರು, ರಾತ್ರಿ ಎದ್ದು ಹೋಗಬೇಕಾದ ಹಿರಿಯರು ಬಾಗಿಲ ಬಳಿ ಮಲಗಿದರೆ ಯಾರೂ ಯಾರನ್ನೂ ದಾಟಬೇಕಾಗಿಲ್ಲ. ಹಿರಿಯರ ದಾರಿಯಲ್ಲಿ ಚಪ್ಪಲಿ, ಬ್ಯಾಗು, ಚಾರ್ಜರ್ ವೈರು ಇರದಂತೆ ನೋಡಿ, ನೆಲದ ಮಟ್ಟದಲ್ಲಿ ಒಂದು ಮಂದ ದೀಪ ಇಡಿ. ಮಲಗಿದವರ ಕಣ್ಣಿಗೆ ಅದು ಬೀಳುವುದಿಲ್ಲ, ನಡೆಯುವವರಿಗೆ ನೆಲ ಕಾಣುತ್ತದೆ. ದೊಡ್ಡ ದೀಪ ಹಾಕಿದರೆ ಆರೂ ಜನರ ನಿದ್ದೆ ಹಾಳು.

ಸೆಕೆಯ ಲೆಕ್ಕವನ್ನೂ ಮರೆಯಬೇಡಿ. ಮಲಗಿರುವ ವಯಸ್ಕರೊಬ್ಬರ ಮೈಯಿಂದ ಸುಮಾರು 70–80 ವ್ಯಾಟ್ ಶಾಖ ಹೊರಬೀಳುತ್ತದೆ. ಆರು ಜನರೆಂದರೆ ಕೋಣೆಯಲ್ಲಿ ಒಂದು ಸಣ್ಣ ಹೀಟರ್ ಇಟ್ಟಂತೆ. ನಿದ್ದೆಗೆ ಜಾರಲು ಮೈ ಸ್ವಲ್ಪ ತಣ್ಣಗಾಗಬೇಕು, ಮುಚ್ಚಿದ ಕೋಣೆ ಅದಕ್ಕೆ ಅಡ್ಡಿ. ಮಲಗಿದ ಹೊತ್ತಿನಲ್ಲಿ ಸರಿಯಿದ್ದ ಕೋಣೆ ರಾತ್ರಿ ಎರಡು ಮೂರರ ಹೊತ್ತಿಗೆ ಉಸಿರುಕಟ್ಟಿದಂತಾಗುವುದು ಇದರಿಂದಲೇ. ಕಿಟಕಿಯೊಂದನ್ನೇ ತೆರೆದರೆ ಗಾಳಿ ಸಾಕಷ್ಟು ಆಡುವುದಿಲ್ಲ. ಎದುರಿನ ಬಾಗಿಲನ್ನೂ ಒಂದು ಗೇಣು ತೆರೆದು, ಅದು ಬಡಿದುಕೊಳ್ಳದಂತೆ ಸಂದಿಗೆ ಮಡಿಸಿದ ಬಟ್ಟೆ ಸಿಕ್ಕಿಸಿ.

ಗೊರಕೆ, ಪಿಸುಮಾತು, ಪಾತ್ರೆ ಸದ್ದು. ಇಯರ್‌ಪ್ಲಗ್ ಹಾಕಿದರೂ ಪ್ರಯೋಜನವಾಗಲಿಲ್ಲ.

ಬಹುಶಃ ಅದು ಕಿವಿಯ ಬಾಯಲ್ಲೇ ನಿಂತಿತ್ತು. ಸ್ಪಂಜಿನ ಇಯರ್‌ಪ್ಲಗ್ ಹಾಕುವ ಕ್ರಮ ಇದು: ಕೈ ತೊಳೆದು, ಬೆರಳುಗಳ ನಡುವೆ ಹೊಸೆದು ಸುಕ್ಕಿಲ್ಲದ ತೆಳ್ಳನೆಯ ಬತ್ತಿಯಾಗಿ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಕಿವಿಯ ನಾಳ ನೇರವಾಗುತ್ತದೆ. ಒಳಗಿಟ್ಟು, ಅದು ಉಬ್ಬುವವರೆಗೆ 20–30 ಸೆಕೆಂಡು ಬೆರಳಿನಿಂದ ಒತ್ತಿ ಹಿಡಿಯಿರಿ. ಈ ಕೊನೆಯ ಹೆಜ್ಜೆಯನ್ನೇ ಹೆಚ್ಚಿನವರು ಬಿಡುತ್ತಾರೆ. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ನೋಡಿ. ಮುಚ್ಚಿದಾಗ ಸದ್ದು ಇನ್ನೂ ಬಹಳ ಇಳಿದರೆ ಒಳಗೆ ಸಂದಿ ಇದೆ ಎಂದರ್ಥ, ತೆಗೆದು ಮತ್ತೆ ಹಾಕಿ. ಕಿವಿಯಲ್ಲಿ ನೋವು, ಸೋರಿಕೆ ಇರುವವರು ಹಾಕಬಾರದು. ರಾತ್ರಿ ಮಗುವನ್ನೋ ರೋಗಿಯನ್ನೋ ನೋಡಿಕೊಳ್ಳಬೇಕಾದವರು ಎರಡೂ ಕಿವಿಗೆ ಹಾಕಬಾರದು.

ಇಯರ್‌ಪ್ಲಗ್ ಹಾಕಿಕೊಂಡರೂ ಗೊರಕೆಯ ಗುಡುಗು ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ತಗ್ಗಿನ ಸ್ವರ ಮೂಳೆ, ದಿಂಬಿನ ಮೂಲಕವೂ ಸಾಗುತ್ತದೆ. ಇಲ್ಲಿ ಫ್ಯಾನು ಸಹಾಯಕ್ಕೆ ಬರುತ್ತದೆ. ನಿದ್ದೆ ಕೆಡಿಸುವುದು ಸದ್ದು ಇರುವುದಕ್ಕಿಂತ ಹೆಚ್ಚಾಗಿ ಸದ್ದು ಥಟ್ಟನೆ ಏರುವುದು. ಫ್ಯಾನಿನ ಏಕತಾನದ ಸದ್ದಿದ್ದರೆ ಆ ಏರಿಕೆ ಸಣ್ಣದಾಗುತ್ತದೆ. ಅಂಗಾತ ಮಲಗಿ ಗೊರಕೆ ಹೊಡೆಯುವವರ ಬೆನ್ನಿಗೆ ಒಂದು ದಿಂಬು ಆನಿಸಿ ಮಗ್ಗುಲಾಗಿ ಮಲಗಿಸಿದರೆ ಹಲವರಲ್ಲಿ ಸದ್ದು ಇಳಿಯುತ್ತದೆ. ಆದರೆ ಗೊರಕೆ ನಡುವೆ ಉಸಿರು ನಿಂತು, ಮತ್ತೆ ಏದುಸಿರಿನೊಂದಿಗೆ ಶುರುವಾಗುವುದನ್ನು ಕಂಡರೆ ಅವರಿಗೆ ಬೆಳಿಗ್ಗೆ ಹೇಳಿ. ಅದನ್ನು ವೈದ್ಯರಿಗೆ ತೋರಿಸಲೇಬೇಕು, ಮತ್ತು ಅದು ಪಕ್ಕದಲ್ಲಿ ಮಲಗಿದವರಿಗಷ್ಟೇ ಗೊತ್ತಾಗುವ ಸಂಗತಿ.

ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ ಎನ್ನುತ್ತಾರೆ. ಇಲ್ಲಿ ಬೇರೆ ಕೋಣೆಯೇ ಇಲ್ಲ.

ಆ ಸಲಹೆಯ ಉದ್ದೇಶ ಮಲಗಿ ಹೊರಳಾಡುವುದನ್ನು ನಿಲ್ಲಿಸುವುದು, ಕೋಣೆ ಬದಲಿಸುವುದಲ್ಲ. ಇಪ್ಪತ್ತು ನಿಮಿಷವಾಯಿತೆನಿಸಿದಾಗ (ಗಡಿಯಾರ ನೋಡಬೇಡಿ) ಎದ್ದು ಗೋಡೆಗೆ ಒರಗಿ ಕೂರಿ, ಹೊದಿಕೆ ಮೊಣಕಾಲವರೆಗೆ ಇರಲಿ. ಮೂಗಿನಿಂದ ನಿಧಾನಕ್ಕೆ ಉಸಿರೆಳೆದು ಅದಕ್ಕಿಂತ ನಿಧಾನಕ್ಕೆ ಬಿಡುತ್ತಾ ಇರಿ, ಅಥವಾ ಪರಿಚಯದ ರಸ್ತೆಯೊಂದರಲ್ಲಿ ಮನೆ ಮನೆಯನ್ನೂ ನೆನೆಯುತ್ತಾ ಸಾಗಿ. ತೂಕಡಿಕೆ ಬಂದಾಗ ಮಾತ್ರ ಮತ್ತೆ ತಲೆ ದಿಂಬಿಗಿಡಿ. ಫೋನ್ ಬೇಡ. ಅದರ ಬೆಳಕಿಗಿಂತ ಹೆಚ್ಚಾಗಿ ಅದರೊಳಗಿನ ಹಬ್ಬದ ಫೋಟೋ, ಸಂದೇಶಗಳೇ ಎಚ್ಚರ ಹಿಡಿದಿಡುತ್ತವೆ.

ಊಟವೇ ರಾತ್ರಿ ಹತ್ತಕ್ಕೆ. ಬೇಡ ಎನ್ನಲಾಗುವುದಿಲ್ಲ.

ಬೇಡ ಎನ್ನಬೇಕಾಗಿಲ್ಲ. ಸಂಜೆ ಆರೂವರೆಗೆ ಹೊಟ್ಟೆಗೆ ಅರ್ಧ ಊಟದಷ್ಟು ಹಾಕಿಕೊಂಡು, ಹತ್ತಕ್ಕೆ ಎಲ್ಲರ ಜೊತೆ ಕೂತು ಕಡಿಮೆ ಬಡಿಸಿಕೊಳ್ಳಿ. ಊಟಕ್ಕೂ ಮಲಗುವುದಕ್ಕೂ ಎರಡು ಗಂಟೆ ಸಿಗದಿದ್ದರೆ ತಲೆಯ ಕಡೆ ಹಾಸಿಗೆಯ ಅಡಿಗೆ ಮಡಿಸಿದ ಕಂಬಳಿ ಇಟ್ಟು ಎತ್ತರಿಸಿ, ಎಡ ಮಗ್ಗುಲಾಗಿ ಮಲಗಿ. ಹುಳಿತೇಗು, ಎದೆಯುರಿ ಕಡಿಮೆಯಾಗುತ್ತದೆ. ಕಾಫಿ, ಟೀ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ನೆಂಟರ ಮನೆಯಲ್ಲಿ ಬಂದವರಿಗೆಲ್ಲ ಲೋಟ ಬರುತ್ತಲೇ ಇರುತ್ತದೆ, ಆರಕ್ಕೆ ಒಂದು, ಎಂಟಕ್ಕೆ ಇನ್ನೊಂದು. ಮಧ್ಯಾಹ್ನ ಎರಡಕ್ಕೆ ಕೊನೆಯದು ಎಂದು ನಿರ್ಧರಿಸಿಕೊಳ್ಳಿ.

ಮೂರು ವರ್ಷದ ಮಗು ಹೊಸ ಹಾಸಿಗೆಯಲ್ಲಿ ಮಲಗಲು ಒಪ್ಪುತ್ತಿಲ್ಲ.

ಮಗುವಿಗೆ ಗಂಟೆ ಗೊತ್ತಿಲ್ಲ, ಕ್ರಮ ಗೊತ್ತು. ಮನೆಯಲ್ಲಿ ಮಲಗುವ ಮುಂಚೆ ಏನೇನು ನಡೆಯುತ್ತದೋ, ಮುಖ ತೊಳೆದು ಬಟ್ಟೆ ಬದಲಿಸಿ ಕತೆ ಕೇಳಿ ದೀಪ ಆರಿಸುವುದು, ಅದೇ ಸಾಲಿನಲ್ಲಿ ಅದೇ ವ್ಯಕ್ತಿ ಮಾಡಿಸಲಿ. ಹೊತ್ತು ಒಂದು ಗಂಟೆ ಆಚೀಚೆಯಾದರೂ ಸಾಲು ತಪ್ಪಬಾರದು. ಮಗು ದಿನಾ ಹೊದೆಯುವ ಹೊದಿಕೆಯನ್ನು ಒಗೆಯದೆ ತನ್ನಿ. ಹಗಲಿನಲ್ಲಿ ಹತ್ತು ನಿಮಿಷ ಆ ಹಾಸಿಗೆಯ ಮೇಲೆ ಆಡಲು ಬಿಡಿ, ರಾತ್ರಿ ಅದು ಮೊದಲ ಸಲ ಕಂಡ ಜಾಗವಾಗಿರಬಾರದು. ಕೋಣೆಯ ತುಂಬ ಜನ ಮಾತಾಡುತ್ತಿರುವಾಗ ಮಲಗಿಸಲು ಹೋದರೆ ಸೋಲು ಖಂಡಿತ. ಅರ್ಧ ಗಂಟೆ ಆ ಕೋಣೆ ಖಾಲಿ ಮಾಡಿಕೊಡಲು ಮನೆಯವರನ್ನು ಕೇಳಿ.

ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜಾಗದ ವಿಷಯದಲ್ಲಿ ಹೊಂದಾಣಿಕೆ ಇಲ್ಲ. ಗಟ್ಟಿಯಾದ ಸಮತಟ್ಟು ಹಾಸಿಗೆ, ಅಂಗಾತ, ದಿಂಬು ಮತ್ತು ದಪ್ಪ ಹೊದಿಕೆ ಇಲ್ಲದೆ, ತನ್ನದೇ ಜಾಗದಲ್ಲಿ. ಸೋಫಾದ ಮೇಲೆ, ಗಾಳಿ ತುಂಬಿದ ಹಾಸಿಗೆಯ ಮೇಲೆ, ನಾಲ್ಕು ಜನ ದೊಡ್ಡವರ ನಡುವೆ ಮಲಗಿಸಬೇಡಿ. ಉಸಿರುಗಟ್ಟುವ ಅಪಾಯ ನಿಜವಾದದ್ದು.

ನಾಲ್ಕು ದಿನಕ್ಕೆ ನಿದ್ದೆ ಮಾತ್ರೆ ತೆಗೆದುಕೊಂಡರೆ?

ಬೇರೆಯವರ ಮಾತ್ರೆ, ಮೊದಲ ಸಲ ತೆಗೆದುಕೊಳ್ಳುವ ಮಾತ್ರೆ ಎರಡೂ ಬೇಡ. ಮಂಪರಿನಲ್ಲಿ ಎದ್ದು ಗೊತ್ತಿಲ್ಲದ ಮನೆಯಲ್ಲಿ, ಮಲಗಿದವರ ನಡುವೆ, ಕತ್ತಲಲ್ಲಿ ನಡೆಯುವುದು ಬೀಳಲು ನೇರ ದಾರಿ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳ ಮಂಪರು ಮರುದಿನದ ಬೆಳಿಗ್ಗೆಯವರೆಗೂ ಇರುತ್ತದೆ. ವೈದ್ಯರು ಈಗಾಗಲೇ ಕೊಟ್ಟಿರುವುದನ್ನು ಮಾಮೂಲಿ ಹೊತ್ತಿಗೇ ತೆಗೆದುಕೊಳ್ಳಿ. ನಿದ್ದೆಯಲ್ಲಿ ಉಸಿರಾಟದ ಯಂತ್ರ ಬಳಸುವವರು ಅದನ್ನು ಬಿಟ್ಟು ಬರಬೇಡಿ, ಜೊತೆಗೆ ಎರಡು ಮೂರು ಮೀಟರಿನ ಎಕ್ಸ್‌ಟೆನ್ಷನ್ ವೈರು ತನ್ನಿ. ಗೋಡೆಯ ಪ್ಲಗ್ ಹಾಸಿಗೆಯ ಹತ್ತಿರವೇ ಸಿಗುವುದು ಅಪರೂಪ.

ಕೊನೆಯ ರಾತ್ರಿ ಮೂರು ಗಂಟೆ ನಿದ್ದೆ, ಬೆಳಿಗ್ಗೆ ಐದು ಗಂಟೆಯ ದಾರಿ ಗಾಡಿ ಓಡಿಸಬೇಕು. ಹೊರಡಬಹುದೇ?

ಬೇರೆಯವರಿಗೆ ಓಡಿಸಲು ಬಂದರೆ ಅವರಿಗೆ ಕೊಡಿ. ಇಲ್ಲದಿದ್ದರೆ ಮಧ್ಯಾಹ್ನದವರೆಗೆ ಮಲಗಿ ಹೊರಡಿ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ತೂಕಡಿಕೆಯನ್ನು ತಡೆಯುವುದಿಲ್ಲ. ದಾರಿಯಲ್ಲಿ ಕಳೆದ ಎರಡು ಕಿಲೋಮೀಟರು ಹೇಗೆ ಬಂತೆಂದು ನೆನಪಾಗದಿದ್ದರೆ, ಗಾಡಿ ರಸ್ತೆಯ ಅಂಚಿಗೆ ವಾಲಿದರೆ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಒಂದು ಲೋಟ ಕಾಫಿ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಮಲಗಿ. ಕೆಫೀನ್ ಕೆಲಸ ಶುರು ಮಾಡಲು ಹೆಚ್ಚೂಕಡಿಮೆ ಅಷ್ಟೇ ಹೊತ್ತು ಬೇಕು. ಎದ್ದ ಮೇಲೂ ಕಣ್ಣು ಎಳೆಯುತ್ತಿದ್ದರೆ ಆ ದಿನ ಸ್ಟಿಯರಿಂಗ್ ಹಿಡಿಯಬೇಡಿ.